‘ಇನ್ನೊಂದು ಚೂರು ಬದಲಿಸಿ’ ಅನ್ನುವ ಮೊದಲು

ಕಳೆದ ಮಳೆಗಾಲದ ಮಾತು. ತಾಳಗುಪ್ಪದ ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನಿಂದ ನನ್ನ ವಾಟ್ಸಾಪ್‌ಗೆ ಒಂದು ಇಮೇಲ್ ಫಾರ್ವರ್ಡ್ ಮಾಡಿದ. ಕೆಳಗೆ ಒಂದು ಸಾಲು: “ಅಣ್ಣಾ, ಇದನ್ನ ಓದಿ ಹೇಳು. ಇವರು ದುಡ್ಡು ಹೊಡೀತಾ ಇದಾರಾ, ಅಥವಾ ತಪ್ಪು ನಮ್ಮದಾ?”

ಅವನ ಅಪ್ಪನಿಗೆ ಆಗಸ್ಟ್ 25ಕ್ಕೆ ಅರವತ್ತು ತುಂಬುವುದಿತ್ತು. ಶಾಂತಿಯ ದಿನ ಕೊಡೋಣ ಎಂದು ಅಪ್ಪನ ಕಾರ್ಟೂನ್ ಚಿತ್ರ ಮಾಡಿಸಲು ಹೊರಟಿದ್ದ. ಫೋಟೊ ನೋಡಿ ಮುಖವನ್ನು ಸ್ವಲ್ಪ ದೊಡ್ಡದಾಗಿ, ಮೈಯನ್ನು ಚಿಕ್ಕದಾಗಿ, ತಮಾಷೆಯಾಗಿ ಬರೆದು ಫ್ರೇಮ್ ಹಾಕಿ ಕೊಡುತ್ತಾರಲ್ಲ, ಅದು. ಸಾಗರ ಪೇಟೆಯಲ್ಲಿ ಜೆರಾಕ್ಸ್, ಡಿಟಿಪಿ ಜೊತೆಗೆ ಇದನ್ನೂ ಮಾಡುವ ಒಂದು ಚಿಕ್ಕ ಅಂಗಡಿ ಇದೆ. ಹೆಂಗಸೊಬ್ಬರು ಒಬ್ಬರೇ ನಡೆಸುತ್ತಾರೆ. ಅಂಗಡಿಯ ಹೆಸರು ಇಲ್ಲಿ ಬೇಡ. ನನಗೆ ಬೇಕಾದ್ದು ಅವರು ಬರೆದ ಪತ್ರ.

ಪತ್ರ ಹೀಗಿತ್ತು:

“ನಮಸ್ಕಾರ. ತಡವಾಗಿದ್ದಕ್ಕೆ ಕ್ಷಮೆ ಇರಲಿ. ನಮ್ಮಲ್ಲಿ ಎರಡು ಸುತ್ತು ತಿದ್ದುಪಡಿ ಉಚಿತ. ಆದರೆ ನೀವು ನಿನ್ನೆ ಕಳಿಸಿದ್ದು ತಿದ್ದುಪಡಿ ಅಲ್ಲ, ಹೊಸ ಚಿತ್ರವೇ ಆಗುತ್ತದೆ. ಅದಕ್ಕೆ ₹600 ಹೆಚ್ಚು ಆಗುತ್ತದೆ. ಎರಡು ದಿನದಿಂದ ಇಲ್ಲಿ ಕರೆಂಟ್ ಇಲ್ಲ, ಹಾಗಾಗಿ ಇನ್ನೂ ಸ್ವಲ್ಪ ದಿನ ಬೇಕು. ದಯವಿಟ್ಟು ಸಹಕರಿಸಿ.”

ಹುಡುಗನ ಮನೆಯವರ ಸಿಟ್ಟು ಇಷ್ಟು: ಎರಡು ಸುತ್ತು ಉಚಿತ ಅಂದಿದ್ದಾರೆ, ನಾವು ಬಳಸಿದ್ದು ಒಂದೇ, ಹಾಗಾದರೆ ಆರುನೂರು ಯಾಕೆ? ಚಿತ್ರ ಕಂಪ್ಯೂಟರ್‌ನಲ್ಲಿದೆ, ಅದರಲ್ಲಿ ಬದಲಿಸಲು ಎಂತ ಖರ್ಚು?

ನಾನು ಪತ್ರ ಓದಿದೆ. ಅವರ ಗುಂಪಿನ ಮೆಸೇಜುಗಳನ್ನೂ ಓದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರುನೂರು ಕೇಳಿದ್ದು ನ್ಯಾಯ. ಆದರೆ ಅದನ್ನು ಆಗಸ್ಟ್ 17ಕ್ಕೆ ಹೇಳಿದ್ದು ನ್ಯಾಯವಲ್ಲ, ಅಡ್ವಾನ್ಸ್ ತೆಗೆದುಕೊಂಡ ದಿನವೇ ಹೇಳಬೇಕಿತ್ತು. ಜಗಳದ ಬೇರು ದುಡ್ಡಿನಲ್ಲಿಲ್ಲ. ‘ಸುತ್ತು’ ಅಂದರೆ ಏನು ಎಂದು ಯಾರೂ ಯಾರಿಗೂ ಬಿಡಿಸಿ ಹೇಳದೇ ಇರುವುದರಲ್ಲಿದೆ.

ಇಪ್ಪತ್ತು ದಿನ ಯಾರ ಕೈಯಲ್ಲಿತ್ತು?

ಮೊದಲು ತಡದ ಲೆಕ್ಕ ನೋಡೋಣ. ಮೆಸೇಜಿನ ತಾರೀಕು ಹಿಡಿದು ನಾನೇ ಬರೆದುಕೊಂಡೆ.

ಜುಲೈ 28ಕ್ಕೆ ಆರ್ಡರ್. ಒಟ್ಟು ₹2,200, ಅದರಲ್ಲಿ ₹1,000 ಅಡ್ವಾನ್ಸ್. ಹುಡುಗ ಕಳಿಸಿದ್ದು ಯಾವುದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ ಮುಖ. ಮರುದಿನವೇ ಅಂಗಡಿಯವರು “ಇದು ಮಸುಕಾಗಿದೆ, ಎದುರಿನಿಂದ ಒಂದು, ಬದಿಯಿಂದ ಒಂದು ಕಳಿಸಿ” ಎಂದರು. ಊರಿನಲ್ಲಿ ಅಪ್ಪನಿಗೆ ಗೊತ್ತಾಗದಂತೆ ಫೋಟೊ ತೆಗೆಯಬೇಕಿತ್ತು. ಆಗಸ್ಟ್ 2ಕ್ಕೆ ಹೋಯಿತು.

ಆಗಸ್ಟ್ 4ಕ್ಕೆ ಪೆನ್ಸಿಲ್ ಗೆರೆಯ ಕರಡು ಬಂತು. ತೋಟದಲ್ಲಿ ನಿಂತ ಅಪ್ಪ, ಕೈಯಲ್ಲಿ ಒಂದು ಗೊನೆ ಅಡಿಕೆ. ಇವರ ಉತ್ತರ ಹೋದದ್ದು 9ಕ್ಕೆ: “ಚೆನ್ನಾಗಿದೆ, ಮೀಸೆ ಸ್ವಲ್ಪ ತೆಳು ಮಾಡಿ, ಮುಂದುವರಿಸಿ.” ಬಣ್ಣ ತುಂಬಿದ ಚಿತ್ರ 12ಕ್ಕೆ ಬಂತು. ಅದಕ್ಕೆ ಉತ್ತರ 16ಕ್ಕೆ. 17ಕ್ಕೆ ಮೇಲಿನ ಇಮೇಲ್.

ಈಗ ಕೂಡಿಸಿ. ಆರ್ಡರಿನಿಂದ ಇಮೇಲ್‌ವರೆಗೆ 20 ದಿನ. ಕೆಲಸ ಅಂಗಡಿಯವರ ಮೇಜಿನ ಮೇಲಿದ್ದದ್ದು ಒಂದು, ಎರಡು, ಮೂರು, ಮತ್ತೆ ಒಂದು, ಹೀಗೆ 7 ದಿನ. ಫೋಟೊಕ್ಕಾಗಿ 4, ಕರಡಿನ ಉತ್ತರಕ್ಕೆ 5, ಬಣ್ಣದ ಚಿತ್ರದ ಉತ್ತರಕ್ಕೆ 4, ಒಟ್ಟು 13 ದಿನ ಅದು ಇದ್ದದ್ದು ಈ ಮನೆಯ ಫೋನುಗಳಲ್ಲಿ.

ಹುಡುಗನಿಗೆ ಇದನ್ನು ಹೇಳಿದಾಗ ಸುಮ್ಮನಾದ. ಯಾರೂ ಬೇಕೆಂದು ತಡ ಮಾಡಿದ್ದಲ್ಲ. ಕರಡು ಬಂದ ದಿನ ಅವನು ಅದನ್ನು ಅಪ್ಪ ಇಲ್ಲದ ಬೇರೆ ಗುಂಪಿಗೆ ಹಾಕಿದ. ಅಮ್ಮ, ಅಕ್ಕ, ಚಿಕ್ಕಪ್ಪ, ಅತ್ತೆ, ಒಟ್ಟು ಒಂಬತ್ತು ಜನ. ಐದು ಜನ ಹೆಬ್ಬೆರಳು ಎತ್ತಿದರು. ಅಮ್ಮ ಸಣ್ಣ ಸ್ಕ್ರೀನಿನಲ್ಲಿ ಸರಿ ಕಾಣುತ್ತಿಲ್ಲ, ನಾಳೆ ನೋಡ್ತೇನೆ ಎಂದರು. ಗುಂಪಿನಲ್ಲಿ ಎಲ್ಲರೂ ನೋಡುತ್ತಾರೆ, ಉತ್ತರ ಕೊಡುವ ಹೊಣೆ ಯಾರಿಗೂ ಇರುವುದಿಲ್ಲ.

ಅಂಗಡಿಯವರು ಈ ಹದಿಮೂರು ದಿನವನ್ನು ಪತ್ರದಲ್ಲಿ ಬರೆಯಲೇ ಇಲ್ಲ. ಗಿರಾಕಿಗೆ ಬೇಸರವಾದೀತು ಎಂದು ಹಿಂಜರಿದಿರಬೇಕು. ಬದಲಿಗೆ ಕರೆಂಟನ್ನು ಮುಂದೆ ತಂದರು. ಇಲ್ಲೇ ಅವರ ಮಾತು ಸಡಿಲವಾಯಿತು. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಯಾರಿಗೆ ಗೊತ್ತಿಲ್ಲ? ಪ್ರತಿ ವರ್ಷ ಬರುವ ತೊಂದರೆಯನ್ನು ಮೊದಲು ಕೊಡುವ ದಿನಾಂಕದಲ್ಲೇ ಸೇರಿಸಿಕೊಳ್ಳಬೇಕು. ಮಳೆಗಾಲದ ಆರ್ಡರಿಗೆ ಮೂರು ದಿನ ಹೆಚ್ಚು ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೊನೆಗೆ ಹೇಳಿದರೆ ಅದು ನೆವದಂತೆ ಕೇಳುತ್ತದೆ, ನಿಜವಿದ್ದರೂ.

ಕಂಪ್ಯೂಟರ್‌ನಲ್ಲಿದ್ದರೆ ಬದಲಿಸುವುದು ಸುಲಭವೇ?

ಸಾಗರ, ಸೊರಬದ ಗುಡಿಗಾರರು ಗಂಧದ ಮರ ಕೆತ್ತುವುದನ್ನು ನಮ್ಮ ಕಡೆಯವರು ನೋಡಿದ್ದೇವೆ. ಮರದ ಮೇಲೆ ಮೊದಲು ನಕ್ಷೆ ಬರೆದುಕೊಂಡು ಆಮೇಲೆ ಉಳಿ ಹಿಡಿಯುತ್ತಾರೆ. ನಕ್ಷೆ ಇರುವಾಗ ಆನೆಯ ಸೊಂಡಿಲು ಎಡಕ್ಕಿರಲಿ ಅನ್ನಬಹುದು. ಉಳಿ ಬಿದ್ದ ಮೇಲೆ ಯಾರೂ ಹಾಗೆ ಹೇಳಲು ಹೋಗುವುದಿಲ್ಲ, ಯಾಕೆಂದರೆ ಕೆತ್ತಿ ತೆಗೆದ ಮರ ಮತ್ತೆ ಕೂರುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರ್ ಚಿತ್ರದಲ್ಲಿ ಅದು ಕಾಣುವುದಿಲ್ಲ. ಅಳಿಸಿದರೆ ಅಳಿಸಿ ಹೋಗುತ್ತದೆ, ಹಾಗಾಗಿ ಬದಲಾವಣೆ ಪುಕ್ಕಟೆ ಅನ್ನಿಸುತ್ತದೆ.

ನಿಜದಲ್ಲಿ ಕೆಲಸ ಹೀಗೆ ನಡೆಯುತ್ತದೆ. ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳನ್ನು ಊಹಿಸಿಕೊಳ್ಳಿ. ಇದಕ್ಕೆ ಅವರು ಲೇಯರ್ ಎನ್ನುತ್ತಾರೆ. ಒಂದು ಹಾಳೆಯಲ್ಲಿ ಒರಟು ಕರಡು. ಅದರ ಮೇಲಿನ ಹಾಳೆಯಲ್ಲಿ ಕರಡನ್ನು ನೋಡಿ ಎಳೆದ ಅಚ್ಚುಕಟ್ಟು ಗೆರೆ. ಇನ್ನೊಂದರಲ್ಲಿ ಆ ಗೆರೆಯೊಳಗೆ ತುಂಬಿದ ಬಣ್ಣ. ಮತ್ತೊಂದರಲ್ಲಿ ನೆರಳು, ಬೆಳಕು. ಅಂಗಿಯ ಬಣ್ಣ ನೀಲಿಯಿಂದ ಬಿಳಿ ಆಗಬೇಕೆಂದರೆ ಮುಟ್ಟಬೇಕಾದ್ದು ಒಂದೇ ಹಾಳೆ, ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಒಂದು ನಾಯಿ ಬೇಕೆಂದರೆ ನಾಯಿಯನ್ನು ಹೊಸದಾಗಿ ಬರೆಯಬೇಕು, ಆದರೆ ಅಪ್ಪನನ್ನು ಮುಟ್ಟಬೇಕಿಲ್ಲ. ನಿಂತ ಅಪ್ಪ ಕೂರಬೇಕೆಂದರೆ? ಕಾಲು ಮಡಚುತ್ತದೆ, ಪಂಚೆಯ ಮಡಿಕೆ ಬೇರೆಯಾಗುತ್ತದೆ, ಕೈ ಇಳಿಯುತ್ತದೆ, ನೆರಳು ಬೇರೆ ಕಡೆ ಬೀಳುತ್ತದೆ. ಎಲ್ಲ ಹಾಳೆಗಳೂ ಹೋದವು. ಉಳಿಯುವುದು ಮುಖ ಮಾತ್ರ, ಅದೂ ತಲೆ ಅದೇ ಕೋನದಲ್ಲಿದ್ದರೆ.

ನೆನಪಿಡಲು ಒಂದು ಸೂತ್ರ ಸಾಕು: ಬಣ್ಣ ಬದಲಿಸುವುದು ಅಗ್ಗ, ಗೆರೆ ಬದಲಿಸುವುದು ದುಬಾರಿ. ಗೆರೆಯ ಮಾತು ಏನಿದ್ದರೂ ಕರಡಿನ ದಿನವೇ ಮುಗಿಯಬೇಕು.

ಆಗಸ್ಟ್ 16ರ ಇವರ ಮೆಸೇಜಿನಲ್ಲಿ ಇದ್ದದ್ದು ಇಷ್ಟು. ಅಂಗಿ ಬೇಡ, ಶಾಲು ಹೊದೆಸಿ, ತಲೆಗೆ ಹಾಳೆ ಟೊಪ್ಪಿ ಹಾಕಿ ಎಂದು ಅಮ್ಮ. ನಿಂತದ್ದು ಬೇಡ, ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುವ ಹಾಗೆ ಮಾಡಿ ಎಂದು ಚಿಕ್ಕಪ್ಪ. ಮುಖ ಯಾಕೋ ಹೋಲ್ತಿಲ್ಲ ಎಂದು ಅಕ್ಕ. ಹಿಂದಿನ ವರ್ಷ ತೀರಿಕೊಂಡ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿ ಎಂದು ಅತ್ತೆ. ಹುಡುಗ ನಾಲ್ಕನ್ನೂ ಒಟ್ಟಿಗೆ ಕಾಪಿ ಮಾಡಿ ಕಳಿಸಿದ್ದ. ಮನೆಯವರ ಲೆಕ್ಕದಲ್ಲಿ ಅದು ಒಂದೇ ಮೆಸೇಜು, ಹಾಗಾಗಿ ಒಂದು ಸುತ್ತು. ಅಂಗಡಿಯವರ ಲೆಕ್ಕದಲ್ಲಿ ಅದು ಇನ್ನೊಂದು ಚಿತ್ರ, ಜೊತೆಗೆ ಇನ್ನೊಬ್ಬ ಮನುಷ್ಯರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಅವರ ಗಳಿಕೆಯನ್ನೂ ಒಂದು ಸಲ ನೋಡಿ. ₹2,200ರಲ್ಲಿ ಪ್ರಿಂಟು, ಫ್ರೇಮು, ಗಾಜು ಎಂದು ₹850 ಹೋದರೆ ಉಳಿಯುವುದು ₹1,350. ಕರಡಿಗೆ ಎರಡು, ಬಣ್ಣಕ್ಕೆ ಮೂರು, ಒಟ್ಟು ಐದು ದಿನದ ಕೆಲಸಕ್ಕೆ ದಿನಕ್ಕೆ ₹270. ಇನ್ನೂ ನಾಲ್ಕು ದಿನ ಅದೇ ದುಡ್ಡಿಗೆ ಕೂತರೆ ದಿನಕ್ಕೆ ₹150. ಅಡಿಕೆ ಸುಲಿಯಲು ಹೋದವರೂ ಈ ಸಂಬಳಕ್ಕೆ ಕೂರುವುದಿಲ್ಲ.

‘ಯಾಕೋ ಹೋಲ್ತಿಲ್ಲ’

ಅಕ್ಕನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಚಿತ್ರ ಹೋಲದಿದ್ದರೆ ದುಡ್ಡು ಕೊಟ್ಟದ್ದೇ ದಂಡ. ಆದರೆ ಆ ಮಾತಿನಿಂದ ಬರೆಯುವವರಿಗೆ ಏನೂ ತಿಳಿಯುವುದಿಲ್ಲ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ತಾರುಣ್ಯದಲ್ಲಿ ‘ಕೊರವಂಜಿ’ ಪತ್ರಿಕೆಗೆ ಬರೆಯುತ್ತಿದ್ದರು, ಆಮೇಲೆ ದೇಶಕ್ಕೇ ಹೆಸರಾದರು. ಪತ್ರಿಕೆಯ ವ್ಯಂಗ್ಯಚಿತ್ರಕಾರ ಮಂತ್ರಿಯ ಮೂಗನ್ನು ಉದ್ದ ಮಾಡಿದರೆ ಓದುವವರಿಗೆ ಗುರುತು ಸಿಕ್ಕರೆ ಸಾಕು, ಮಂತ್ರಿಯ ಹೆಂಡತಿಯ ಒಪ್ಪಿಗೆ ಬೇಕಿಲ್ಲ. ಆರ್ಡರಿನ ಚಿತ್ರ ಹಾಗಲ್ಲ. ಅದನ್ನು ನೋಡುವವರು ಆ ಮುಖವನ್ನು ದಿನವೂ ನೋಡಿದವರು. ಅವರ ಮನಸ್ಸಿನಲ್ಲಿ ಇರುವುದು ಇವತ್ತಿನ ಮುಖವೂ ಅಲ್ಲ. ಹೆಂಡತಿಗೆ ಮದುವೆಯ ಹೊತ್ತಿನ ಗಂಡ, ಮಗಳಿಗೆ ಶಾಲೆಗೆ ಬಿಡಲು ಬರುತ್ತಿದ್ದ ಅಪ್ಪ. ಬರೆಯುವವರ ಎದುರು ಇರುವುದು ಎರಡು ಫೋಟೊ ಅಷ್ಟೇ.

ಆದ್ದರಿಂದ ಹೋಲಿಸುವಾಗ ನೆನಪಿನ ಜೊತೆ ಹೋಲಿಸಬೇಡಿ, ಕಳಿಸಿದ ಫೋಟೊದ ಪಕ್ಕ ಇಟ್ಟು ನೋಡಿ. ಕಣ್ಣುಗಳ ನಡುವಿನ ಜಾಗ, ಮೂಗಿನ ಕೆಳಗಿಂದ ತುಟಿಯವರೆಗಿನ ಅಂತರ, ಗಲ್ಲದ ಅಗಲ, ಕಿವಿ ಎಷ್ಟು ಹೊರಕ್ಕಿದೆ, ಈ ನಾಲ್ಕನ್ನು ನೋಡಿದರೆ ತಪ್ಪು ಎಲ್ಲಿದೆ ಎಂದು ಸಾಮಾನ್ಯವಾಗಿ ಸಿಕ್ಕುತ್ತದೆ. ಅಕ್ಕನ ಹತ್ತಿರ ಹಾಗೆ ನೋಡಲು ಹೇಳಿದೆವು. ಅರ್ಧ ಗಂಟೆಯಲ್ಲಿ ಉತ್ತರ ಬಂತು: “ಅಪ್ಪನ ಕೆಳತುಟಿ ದಪ್ಪ, ಚಿತ್ರದಲ್ಲಿ ತೆಳು. ಎಡ ಹುಬ್ಬು ಮೇಲೆ ಇರ್ತದೆ, ಇಲ್ಲಿ ಎರಡೂ ಒಂದೇ.” ಇದು ಬರೆಯುವವರ ಕೈಗೆ ಸಿಗುವ ಮಾತು.

ಇನ್ನೊಂದು ಪರೀಕ್ಷೆ ಇದೆ. ಯಾರ ಚಿತ್ರ ಎಂದು ಹೇಳದೆ ಊರಿನ ಯಾರಿಗಾದರೂ ಕರಡು ತೋರಿಸಿ. ತಕ್ಷಣ ಹೆಸರು ಹೇಳಿದರೆ ಹೋಲಿಕೆ ಇದೆ ಎಂದೇ ಅರ್ಥ. ಉಳಿದದ್ದು ನಿಮ್ಮ ಮನಸ್ಸಿನ ಫೋಟೊದ ಜೊತೆಗಿನ ತಕರಾರು.

ಅಜ್ಜಿಯ ವಿಷಯ ಬೇರೆ. ಅತ್ತೆ ಕೇಳಿದ್ದು ಆಸೆಯಿಂದ. ಆದರೆ ಅಜ್ಜಿಯದು ಇದ್ದದ್ದು ಆಧಾರ್ ಕಾರ್ಡಿನ ಫೋಟೊ ಮತ್ತು ನಲವತ್ತು ವರ್ಷ ಹಿಂದಿನ ಒಂದು ಕಪ್ಪು ಬಿಳುಪು. ಅದರಿಂದ ಮುಖ ಹಿಡಿಯಲು ಮನೆಯವರ ಹತ್ತಿರ ನಾಲ್ಕಾರು ಸಲ ಕೇಳಬೇಕು, ನಾಲ್ಕಾರು ಕರಡು ಬೇಕು. ತೀರಿಕೊಂಡವರ ಮುಖ ಸ್ವಲ್ಪ ತಪ್ಪಿದರೂ ನಗು ಬರುವುದಿಲ್ಲ, ನೋವಾಗುತ್ತದೆ. ಅವಸರದಲ್ಲಿ ಬೇರೆ ಚಿತ್ರದ ಮೂಲೆಗೆ ಸೇರಿಸುವ ಕೆಲಸ ಅದಲ್ಲ. ಅಂಗಡಿಯವರು ಪತ್ರದಲ್ಲಿ ಇದನ್ನು ಎರಡು ಸಾಲು ಬರೆದಿದ್ದರೂ ಅತ್ತೆಗೆ ಅರ್ಥವಾಗುತ್ತಿತ್ತು.

ಪತ್ರದಲ್ಲಿ ಇಲ್ಲದೇ ಹೋದದ್ದು

ಪತ್ರದ ದೊಡ್ಡ ಕೊರತೆ ಇದು: ತಡ ಏಕಾಯಿತು ಎಂದಿದೆ, ಈಗ ಗಿರಾಕಿ ಏನು ಮಾಡಬಹುದು ಎಂದಿಲ್ಲ. “ಇನ್ನೂ ಸ್ವಲ್ಪ ದಿನ” ಅಂದರೆ 25ರ ಒಳಗೋ, ಆಮೇಲೋ? ಶಾಂತಿ ಮುಂದೂಡುವ ಕಾರ್ಯವಲ್ಲ. ತಾರೀಕು ಇಲ್ಲದ ಕ್ಷಮೆಯಿಂದ ಮನೆಯವರಿಗೆ ಪ್ರಯೋಜನವಿಲ್ಲ.

ಎರಡನೆಯದು, ಇಮೇಲ್ ಹೋದದ್ದು ಬೆಂಗಳೂರಿನ ಹುಡುಗನಿಗೆ. ತೀರ್ಮಾನ ಮಾಡುವವರು ಇದ್ದದ್ದು ತಾಳಗುಪ್ಪದಲ್ಲಿ. ಇಮೇಲ್‌ನಲ್ಲಿ ಬರೆದು ಇಡುವುದು ಒಳ್ಳೆಯದೇ, ನಾಳೆ ಮಾತು ಬಂದರೆ ದಾಖಲೆ ಇರುತ್ತದೆ. ಅದೇ ಮಾತನ್ನು ವಾಟ್ಸಾಪ್‌ನಲ್ಲೂ ಹಾಕಿದ್ದರೆ ಅಮ್ಮನೂ ಓದುತ್ತಿದ್ದರು.

ಹುಡುಗ ಅಂಗಡಿಗೆ ಫೋನ್ ಮಾಡಿ, ದಾರಿ ಯಾವುದಿದೆ ಎಂದು ಕೇಳಿದ. ಎರಡು ದಾರಿ ಹೇಳಿದರು. ಅವನ್ನು ಮೊದಲೇ ಬರೆದಿದ್ದರೆ ಪತ್ರ ಹೀಗಿರುತ್ತಿತ್ತು. ಇಂಥ ಅಂಗಡಿ ನಡೆಸುವವರು ಬೇಕಾದರೆ ಇದನ್ನೇ ಬಳಸಿಕೊಳ್ಳಿ:

“ನಮಸ್ಕಾರ. ನಿಮ್ಮ 16ರ ಮೆಸೇಜ್ ನೋಡಿದೆ. ಮುಖದ ತಿದ್ದುಪಡಿ, ಶಾಲು, ಹಾಳೆ ಟೊಪ್ಪಿ, ಇವು ಉಚಿತ ಸುತ್ತಿನಲ್ಲೇ ಬರುತ್ತವೆ. ನಿಂತವರನ್ನು ಕೂರಿಸುವುದು ಹೊಸ ಕರಡಿನಿಂದ ಶುರುವಾಗುವ ಕೆಲಸ. ಅಜ್ಜಿಯವರದು ಬೇರೆಯೇ ಚಿತ್ರವಾಗಿ ಮಾಡಿದರೆ ಚೆನ್ನ, ಹಳೆ ಫೋಟೊ ಆದ್ದರಿಂದ ಸಮಯ ಬೇಕು.

ಮೊದಲ ದಾರಿ: ನಿಂತ ಚಿತ್ರವೇ ಇರಲಿ. 19ಕ್ಕೆ ತಿದ್ದಿ ಕಳಿಸುತ್ತೇನೆ. 20ರ ಸಂಜೆಯೊಳಗೆ ನೀವು ಒಪ್ಪಿದರೆ 21ಕ್ಕೆ ಪ್ರಿಂಟ್, 23ಕ್ಕೆ ಫ್ರೇಮ್ ತಯಾರು. ಹೆಚ್ಚು ದುಡ್ಡಿಲ್ಲ.

ಎರಡನೇ ದಾರಿ: ಕೂತ ಚಿತ್ರ. 19ಕ್ಕೆ ಹೊಸ ಕರಡು, 23ಕ್ಕೆ ಬಣ್ಣ, ನೀವು ಮರುದಿನವೇ ಒಪ್ಪಿದರೂ ಫ್ರೇಮ್ ಸಿಗುವುದು 27ಕ್ಕೆ. ₹600 ಹೆಚ್ಚು.

ಯಾವುದು ಎಂದು ನಾಳೆಯೊಳಗೆ ಒಬ್ಬರೇ ತಿಳಿಸಿ. ನನ್ನ ಕಡೆಯಿಂದ ತಪ್ಪಾದದ್ದು ಏನಿದ್ದರೂ ಅದನ್ನು ಸುತ್ತಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.”

ಕೊನೆಯ ಸಾಲು ನಾನು ಸೇರಿಸಿದ್ದು, ಮತ್ತು ಅದು ಮುಖ್ಯ. ಫೋಟೊದಲ್ಲಿ ಕನ್ನಡಕ ಇದ್ದು ಚಿತ್ರದಲ್ಲಿ ಬಿಟ್ಟುಹೋದರೆ, ಹೆಸರಿನ ಕಾಗುಣಿತ ಅಂಗಡಿಯಲ್ಲಿ ತಪ್ಪಿದರೆ, ಅದನ್ನು ಸರಿಮಾಡುವುದು ತಿದ್ದುಪಡಿಯ ಸುತ್ತಲ್ಲ, ಅವರ ಕರ್ತವ್ಯ. ಹೆಸರನ್ನು ನೀವೇ ತಪ್ಪಾಗಿ ಬರೆದು ಕಳಿಸಿದ್ದರೆ ಆ ಸುತ್ತು ನಿಮ್ಮ ಖಾತೆಗೆ.

ಹೇಳಿದ ದಿನ ದಾಟಿದರೂ ಹೊಸ ದಿನ ಹೇಳದ, ಅಡ್ವಾನ್ಸ್ ತೆಗೆದುಕೊಂಡು ಫೋನ್ ಎತ್ತದ ಅಂಗಡಿಯೂ ಇರಬಹುದು. ಅಂಥ ಕಡೆ ತಾಳ್ಮೆಯ ಮಾತು ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗ ನಿಮ್ಮ ಕೈಯಲ್ಲಿ ಇರಬೇಕಾದ್ದು ದುಡ್ಡು ಕೊಟ್ಟ ರಸೀದಿ ಮತ್ತು ತಾರೀಕು ಇರುವ ಮೆಸೇಜುಗಳು. ಡಿಲೀಟ್ ಮಾಡಬೇಡಿ.

ಆರ್ಡರ್ ಕೊಡುವವರು ಮಾಡಬೇಕಾದ್ದು

ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಮಾಮೂಲಿ ಫೋಟೊ ಥರ ಕಳಿಸಿದರೆ ಅದು ಕುಗ್ಗುತ್ತದೆ, ಕಣ್ಣಿನ ಸುತ್ತಲಿನ ಗೆರೆ ಮಾಯವಾಗುತ್ತದೆ. ಹೋಲಿಕೆ ಇರುವುದೇ ಅಂಥ ಗೆರೆಗಳಲ್ಲಿ.

ನಿಂತದ್ದೋ ಕೂತದ್ದೋ, ಏನು ಉಟ್ಟದ್ದು, ಪಕ್ಕದಲ್ಲಿ ಯಾರು, ಇವನ್ನು ಮನೆಯವರೆಲ್ಲ ಕೂತು ಆರ್ಡರಿಗೆ ಮೊದಲೇ ತೀರ್ಮಾನಿಸಿ. ಆಮೇಲೆ ಅಂಗಡಿಯ ಜೊತೆ ಮಾತಾಡುವವರು ಒಬ್ಬರೇ ಇರಲಿ. ಕರಡು ಬಂದಾಗ ಒಂದು ದಿನದೊಳಗೆ, ಒಂದೇ ಮೆಸೇಜಿನಲ್ಲಿ, 1, 2, 3 ಎಂದು ಸಂಖ್ಯೆ ಹಾಕಿ ಬರೆಯಿರಿ. ಕರಡಿಗೆ “ಚೆನ್ನಾಗಿದೆ, ಮುಂದುವರಿಸಿ” ಅಂದರೆ ಗೆರೆಗೆ ನೀವು ಸಹಿ ಹಾಕಿದ ಹಾಗೆ. ಅದು ಬರೀ ಪೆನ್ಸಿಲ್ ಎಂದು ಉದಾಸೀನ ಮಾಡಬೇಡಿ, ಚಿತ್ರ ತೀರ್ಮಾನವಾಗುವುದೇ ಅಲ್ಲಿ.

ಬೇಕಾದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಕನ್ನೇ ಅಂಗಡಿಗೆ ಹೇಳಿ. ಮಳೆಗಾಲದಲ್ಲಿ ಪ್ರಿಂಟು ಪೂರ್ತಿ ಆರದೆ ಗಾಜಿನೊಳಗೆ ಹೋದರೆ ಕಾಗದ ಅಲೆಯೇಳುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಕಾಗದದ ಅಂಚು ಹಾಕಿಸಿ.

ಹುಡುಗನ ಮನೆಯವರು ಮೊದಲ ದಾರಿ ಆರಿಸಿದರು. 24ರ ಬೆಳಿಗ್ಗೆ ಅವನು ರಾತ್ರಿ ರೈಲಿನಲ್ಲಿ ಬಂದು ಸಾಗರದಲ್ಲೇ ಇಳಿದ, ಅಂಗಡಿ ಬಾಗಿಲು ತೆರೆಯುವವರೆಗೆ ಕಾದು ಫ್ರೇಮ್ ಹಿಡಿದುಕೊಂಡು ಬಸ್ಸಿನಲ್ಲಿ ಮನೆಗೆ ಬಂದ. ಮರುದಿನ ಊಟದ ಹೊತ್ತಿಗೆ ಅಪ್ಪ ಕಾಗದ ಬಿಚ್ಚಿ ತುಂಬ ಹೊತ್ತು ನೋಡಿ, “ಈ ಟೊಪ್ಪಿ ಯಾರು ಹೇಳಿಕೊಟ್ಟಿದ್ದು?” ಎಂದು ಕೇಳಿದರು. ಅಮ್ಮ ಒಳಗೆ ಹೋದರು. ಜಗಲಿಯಲ್ಲಿ ಯಾಕೆ ಕೂತಿಲ್ಲ ಎಂದು ಯಾರೂ ಕೇಳಲಿಲ್ಲ, ಚಿಕ್ಕಪ್ಪನೂ ಕೇಳಲಿಲ್ಲ.

ಅಜ್ಜಿಯ ಚಿತ್ರಕ್ಕೆ ಆರ್ಡರ್ ಕೊಟ್ಟಿದ್ದು ದೀಪಾವಳಿ ಕಳೆದ ಮೇಲೆ. ಈ ಸಲ ಅಂಗಡಿಯವರು ಅಡ್ವಾನ್ಸ್‌ಗೆ ಮೊದಲೇ ಸುತ್ತಿನ ಲೆಕ್ಕವನ್ನು ಬರೆದು ಕಳಿಸಿದ್ದಾರೆ. ಅದಕ್ಕೆ ಉತ್ತರ ಕೊಡುವವರು ಅತ್ತೆ ಒಬ್ಬರೇ.